14 ತಿಂಗಳ ಮ್ಯಾಟ್ರಿಮೊನಿ ಆ್ಯಪ್: ನೈಟ್ ಡ್ಯೂಟಿ ಇರುವವಳು ‘ನನ್ನ ಬಗ್ಗೆ’ ಬರೆದುಕೊಂಡ ಕಥೆ

ಈ ಆ್ಯಪ್‌ನ ಜಾತಕ, ಫಿಲ್ಟರ್, ಫೋಟೋ ವಿಚಾರವನ್ನೆಲ್ಲ ಬೇರೆಯವರು ಸಾಕಷ್ಟು ಬರೆದಿದ್ದಾರೆ, ನಾನು ಮತ್ತೆ ಹೇಳುವುದಿಲ್ಲ. ನನ್ನ ತಕರಾರಿರುವುದು ‘ನನ್ನ ಬಗ್ಗೆ’ ಅನ್ನುವ ಒಂದೇ ಒಂದು ಪೆಟ್ಟಿಗೆ ಮೇಲೆ. 14 ತಿಂಗಳಲ್ಲಿ ಅದನ್ನು 11 ಸಲ ತಿದ್ದಿದ್ದೇನೆ. ಮಡಿಕೇರಿಯ ಒಂದು ಆಸ್ಪತ್ರೆಯಲ್ಲಿ ನಾನು ಸ್ಟಾಫ್ ನರ್ಸ್, ಮನೆ ಮೂರ್ನಾಡಿನ ಕಡೆ. ಶಿಫ್ಟ್ ಕೆಲಸದವರು, ನಡುವೆ ಕೆಲಸ ಬಿಟ್ಟು ಮತ್ತೆ ಸೇರಿದವರು ಯಾರಾದರೂ ಇದನ್ನು ಓದುತ್ತಿದ್ದರೆ ನಾನು ಕಳೆದುಕೊಂಡ ಮೊದಲ ನಾಲ್ಕು ತಿಂಗಳು ನಿಮಗೆ ಉಳಿಯಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಬರೆದದ್ದು ಹೀಗಿತ್ತು: ‘ಸ್ಟಾಫ್ ನರ್ಸ್. ಶಿಫ್ಟ್ ಕೆಲಸ, ನೈಟ್ ಡ್ಯೂಟಿಯೂ ಇರುತ್ತದೆ. ಬಿಡುವು ಕಡಿಮೆ. ಮೆಸೇಜಿಗೆ ಉತ್ತರ ತಡವಾದರೆ ಬೇಸರ ಮಾಡಿಕೊಳ್ಳಬೇಡಿ.’ ಸುಳ್ಳು ಒಂದಕ್ಷರ ಇಲ್ಲ. ಒಂದು ತಿಂಗಳಲ್ಲಿ ಬಂದ ಇಂಟರೆಸ್ಟ್ ನಾಲ್ಕು. ಅದರಲ್ಲಿ ಒಬ್ಬ ಹುಡುಗನ ತಾಯಿ ಫೋನ್ ಮಾಡಿ, “ಪುರುಸೊತ್ತೇ ಇರಲ್ಲ ಅಂತ ನೀನೇ ಬರ್ದಿದ್ದೀಯಲ್ಲಮ್ಮ, ಮತ್ತೆ ನಾವು ಏನು ಅಂತ ಕೇಳೋದು?” ಅಂದರು. ಅವತ್ತು ನೋವಾಯಿತು. ಆಮೇಲೆ ಯೋಚಿಸಿದರೆ ಅವರು ಓದಿದ್ದು ಸರಿಯಾಗಿಯೇ ಇತ್ತು. ನಾನು ಯಾವಾಗ ಸಿಗುವುದಿಲ್ಲ ಅನ್ನುವುದು ಆ ನಾಲ್ಕು ಸಾಲಲ್ಲಿತ್ತು, ಯಾವಾಗ ಸಿಗುತ್ತೇನೆ ಅನ್ನುವುದು ಎಲ್ಲೂ ಇರಲಿಲ್ಲ. ಕ್ಷಮೆ ಬೇರೆ ಕೇಳಿಬಿಟ್ಟಿದ್ದೆ, ಇನ್ನೂ ಪರಿಚಯವೇ ಆಗದವರ ಹತ್ತಿರ.

ಅದನ್ನು ಅಳಿಸಿ ‘ಆರೋಗ್ಯ ಕ್ಷೇತ್ರದಲ್ಲಿ ಉದ್ಯೋಗ’ ಅಂತಷ್ಟೇ ಹಾಕಿದೆ. ಇಂಟರೆಸ್ಟ್ ಹೆಚ್ಚಾಯಿತು. ಕುಶಾಲನಗರದ ಕಡೆಯ ಒಬ್ಬರ ಜೊತೆ ಎರಡು ಸಲ ಚೆನ್ನಾಗಿ ಮಾತೂ ಆಯಿತು. ಮರುವಾರ ನನಗೆ ನೈಟ್ ಬಂತು. ಅವರು ರಾತ್ರಿ ಒಂಬತ್ತೂವರೆಗೆ ಮೂರು ದಿನ ಫೋನ್ ಮಾಡಿದ್ದಾರೆ, ನನ್ನ ಫೋನ್ ಲಾಕರಿನಲ್ಲಿ. ನಾಲ್ಕನೇ ದಿನ ವಿಷಯ ಹೇಳಿದೆ. “ಇದನ್ನ ಮೊದಲೇ ಹೇಳಬಹುದಿತ್ತಲ್ಲ” ಅಂದರು, ಅಲ್ಲಿಗೆ ನಿಂತಿತು. ಅವರಿಗೆ ನೈಟ್ ಡ್ಯೂಟಿ ತೊಂದರೆ ಆಗಿರಲಿಲ್ಲ, ಮುಚ್ಚಿಟ್ಟಿದ್ದೆ ಅನ್ನುವುದೇ ತೊಂದರೆ ಆಗಿತ್ತು.

ಒಂದು ಆಫ್ ದಿನ ಆ ತಿಂಗಳ ರೋಸ್ಟರ್ ಮುಂದಿಟ್ಟುಕೊಂಡು ಲೆಕ್ಕ ಹಾಕಿದೆ. ನಮ್ಮಲ್ಲಿ ಮಾರ್ನಿಂಗ್ 8ರಿಂದ 2, ಆಫ್ಟರ್‌ನೂನ್ 2ರಿಂದ 8, ನೈಟ್ 8ರಿಂದ ಮರುದಿನ ಬೆಳಿಗ್ಗೆ 8. ಆ ತಿಂಗಳ 30 ದಿನದಲ್ಲಿ ಮಾರ್ನಿಂಗ್ 12, ಆಫ್ಟರ್‌ನೂನ್ 6, ನೈಟ್ 6, ಆಫ್ 6. ಮಾರ್ನಿಂಗ್ ಮುಗಿಸಿ ಬಸ್ ಹಿಡಿದು ಊಟ ಮಾಡಿದರೂ ನಾಲ್ಕಕ್ಕೆ ನಾನು ಖಾಲಿ. ಅಂದರೆ 12 ಮತ್ತು 6 ಸೇರಿ 18 ಸಂಜೆ ಪೂರ್ತಿ ನನ್ನವೇ. ಆಫ್ಟರ್‌ನೂನ್ ಇದ್ದ ದಿನ ಬೆಳಗ್ಗೆ ಮನೆಯಲ್ಲಿರುತ್ತೇನೆ. ನಿಜವಾಗಿ ಕಷ್ಟ ಇರುವುದು ಆ ಆರು ನೈಟ್‌ಗಳಲ್ಲಿ. ಆಗಲೂ ಬೆಳಗ್ಗೆ ಬಂದು ಮಲಗಿ ಐದಕ್ಕೆ ಎದ್ದರೆ ಡ್ಯೂಟಿಗೆ ಹೊರಡುವ ಮುಂಚೆ ಒಂದು ಗಂಟೆ ಸಿಗುತ್ತದೆ. ‘ಬಿಡುವು ಕಡಿಮೆ’ ಅಂತ ಬರೆದವಳು ಇದನ್ನು ಒಮ್ಮೆಯೂ ಎಣಿಸಿ ನೋಡಿರಲಿಲ್ಲ. ಆಯಾಸವನ್ನೇ ಸಮಯದ ಕೊರತೆ ಅಂದುಕೊಂಡಿದ್ದೆ.

ಹಾಗಾಗಿ ಮೂರನೇ ಸಲ ಎಣಿಸಿದ್ದನ್ನೇ ಬರೆದೆ. ಆಗ ಶುರುವಾಯಿತು ನೋಡಿ ಈ ಪೆಟ್ಟಿಗೆಯ ಕಾಟ. ‘8ರಿಂದ 2, 2ರಿಂದ 8’ ಅಂತ ಅಂಕಿ ಹಾಕಿ ಕಳಿಸಿದರೆ ಎರಡು ದಿನ ‘ಪರಿಶೀಲನೆಯಲ್ಲಿದೆ’ ಅಂತ ತೋರಿಸಿ, ಕೊನೆಗೆ ‘ಸಂಪರ್ಕ ವಿವರ ಕಂಡುಬಂದಿದೆ’ ಅಂತ ವಾಪಸ್ ಮಾಡಿತು. ಫೋನ್ ನಂಬರ್ ಬಚ್ಚಿಟ್ಟು ಬರೆಯುವವರನ್ನು ತಡೆಯಲು ಅಂಕಿಗಳ ಸಾಲು ಕಂಡರೆ ತಿರಸ್ಕರಿಸುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಗಂಟೆಗಳನ್ನು ಅಕ್ಷರದಲ್ಲಿ ಬರೆಯಿರಿ, ಪಾಸಾಗುತ್ತದೆ. ಇಸವಿಗೆ ಮಾತ್ರ ನನಗೆ ಅಡ್ಡಿ ಆಗಲಿಲ್ಲ.

ಇನ್ನೊಂದು ವಿಷಯ: ಪಟ್ಟಿಯಲ್ಲಿ ನಮ್ಮ ಹೆಸರಿನ ಕೆಳಗೆ ಕಾಣುವುದು ಮೊದಲ ಎರಡು ಸಾಲು ಮಾತ್ರ. ಉಳಿದದ್ದು ಒತ್ತಿ ನೋಡಿದವರಿಗೆ. ಡ್ಯೂಟಿ ವಿಚಾರವನ್ನೇ ಮೊದಲು ಬರೆದರೆ ನೋಡುವವರಿಗೆ ನಾವು ಡ್ಯೂಟಿಯಾಗಿ ಮಾತ್ರ ಕಾಣುತ್ತೇವೆ. ಈಗ ನನ್ನದು ಹೀಗಿದೆ: ‘ಮೂರ್ನಾಡಿನವಳು, ಮಡಿಕೇರಿಯಲ್ಲಿ ಸ್ಟಾಫ್ ನರ್ಸ್. ಆಫ್ ಇದ್ದ ದಿನ ಅಪ್ಪನ ಜೊತೆ ತೋಟ ಸುತ್ತುವುದು, ಸಂಜೆ ಅಕ್ಕಿರೊಟ್ಟಿ ತಟ್ಟುವುದು ಇಷ್ಟ. ತಿಂಗಳಲ್ಲಿ ಹದಿನೆಂಟು ಸಂಜೆ ನಾಲ್ಕರ ಮೇಲೆ ಮನೆಯಲ್ಲಿರುತ್ತೇನೆ, ಮಾತಾಡಲು ಅದೇ ಒಳ್ಳೆಯ ಹೊತ್ತು. ಆರು ದಿನ ನೈಟ್ ಡ್ಯೂಟಿ. ಆಗ ಹಗಲು ಮಲಗಿರುತ್ತೇನೆ, ಸಂಜೆ ಐದರ ಮೇಲೆ ಸಿಗುತ್ತೇನೆ. ಮದುವೆಯಾದ ಮೇಲೂ ಕೆಲಸ ಮುಂದುವರಿಸುವ ಆಸೆ.’ ಕೊನೆಯ ಸಾಲು ಬೇಡ ಅಂತ ಅತ್ತೆ ಹೇಳಿದ್ದರು. ಆದರೆ ನೈಟ್ ಡ್ಯೂಟಿ ಅಂತ ಓದಿದವರ ಮನಸ್ಸಿನಲ್ಲಿ ಏಳುವ ಪ್ರಶ್ನೆಯೇ ಅದು. ಉತ್ತರ ಅಲ್ಲೇ ಇದ್ದರೆ, ಒಪ್ಪದವರು ಮೊದಲೇ ದಾಟಿಹೋಗುತ್ತಾರೆ.

ಬದಲಾವಣೆ ಗೊತ್ತಾದದ್ದು ಬರುವ ಮೆಸೇಜುಗಳಲ್ಲಿ. ಮೊದಲೆಲ್ಲ “ಯಾವಾಗ ಫ್ರೀ ಇರ್ತೀರಿ?” ಅಂತಲೇ ಬರುತ್ತಿತ್ತು. ಈಗ “ಈ ವಾರ ಮಾರ್ನಿಂಗಾ, ಐದು ಗಂಟೆಗೆ ಮಾಡಲಾ?” ಅಂತ ಕೇಳುತ್ತಾರೆ. ಇಂಟರೆಸ್ಟ್‌ಗಳ ಸಂಖ್ಯೆ ಎರಡನೇ ಸಲದಷ್ಟಿಲ್ಲ, ಮಾತಿನವರೆಗೆ ಬರುವವರು ಹೆಚ್ಚಿದ್ದಾರೆ.

ಕೆಲಸ ಬಿಟ್ಟಿದ್ದ ಎರಡು ವರ್ಷದ ವಿಷಯ ಬರೆಯುವುದು ಇದಕ್ಕಿಂತ ಕಷ್ಟವಾಯಿತು. ಅಮ್ಮನಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಹೋಗಿಬರುವುದು, ನಾಲ್ಕು ಗಂಟೆ ಕಾಯುವುದು, ವಾಪಸ್ ಬಂದಮೇಲೆ ಅವರ ಸುಸ್ತು, ಎಲ್ಲ ಸೇರಿ ಆ ದಿನವೇ ಮುಗಿಯುತ್ತಿತ್ತು. ಆ್ಯಪ್‌ನಲ್ಲಿ ಇದಕ್ಕೆ ಜಾಗವಿಲ್ಲ, ಉದ್ಯೋಗದಲ್ಲಿದ್ದೀರಾ ಇಲ್ಲವಾ ಅನ್ನುವ ಎರಡೇ ಆಯ್ಕೆ. ಮೊದಲು ‘ಕೌಟುಂಬಿಕ ಕಾರಣಗಳಿಂದ ಎರಡು ವರ್ಷ ಬಿಡುವು’ ಅಂತ ಬರೆದೆ. ಒಬ್ಬರು ನೇರವಾಗಿ, “ಮೊದಲು ಒಂದು ಸಲ ಮದುವೆ ಆಗಿತ್ತಾ?” ಅಂತ ಕೇಳಿದರು. ಹೆಣ್ಣುಮಕ್ಕಳ ಪ್ರೊಫೈಲಿನಲ್ಲಿ ಖಾಲಿ ಜಾಗ ಇದ್ದರೆ ಜನ ಅದನ್ನು ತಮಗೆ ತೋಚಿದ್ದರಿಂದ ತುಂಬಿಕೊಳ್ಳುತ್ತಾರೆ. ಸರಿ, ಕಾಯಿಲೆ ಹೆಸರು ಸಮೇತ ಎಲ್ಲ ಬರೆದೆ. ಆಗ ಕಿಡ್ನಿ ತೊಂದರೆ ವಂಶದಲ್ಲಿ ಇದೆಯಾ ಅಂತ ವಿಚಾರಣೆ ಶುರು. ಅಮ್ಮನ ಕಾಯಿಲೆಯನ್ನು ಗುರುತಿಲ್ಲದವರ ಮುಂದೆ ಹರವಿದೆನಲ್ಲ ಅಂತ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಈಗ ಇರುವುದು ಒಂದು ಸಾಲು: ‘2019ರಲ್ಲಿ ಅಮ್ಮನ ಆರೈಕೆಗಾಗಿ ಕೆಲಸ ಬಿಟ್ಟೆ, 2021ರಲ್ಲಿ ಅದೇ ವೃತ್ತಿಗೆ ಮರಳಿ ಈಗಲೂ ಅದರಲ್ಲೇ ಇದ್ದೇನೆ.’ ಯಾವಾಗ, ಯಾತಕ್ಕೆ, ಈಗ ಮುಗಿದಿದೆಯಾ, ಮೂರಕ್ಕೂ ಉತ್ತರವಿದೆ. ಕಾಯಿಲೆ ಯಾವುದು, ಅಮ್ಮ ಹೇಗೆ ಹೋದರು ಅನ್ನುವುದು ಎರಡನೆಯ ಅಥವಾ ಮೂರನೆಯ ಫೋನಿನ ಮಾತು. ಇಸವಿಗಳು ಉದ್ಯೋಗದ ವಿವರಕ್ಕೂ ತಾಳೆಯಾಗಬೇಕು. ನಾನು ಅಲ್ಲಿ ಅನುಭವದ ವರ್ಷ ಒಟ್ಟಿಗೆ ಹಾಕಿಬಿಟ್ಟಿದ್ದೆ, ಒಬ್ಬರ ಅಣ್ಣ ಕೂಡಿಸಿ ಕಳೆದು ಕೇಳಿಯೇಬಿಟ್ಟರು.

ಇಷ್ಟು ಬೈದಮೇಲೆ ಒಂದು ಒಳ್ಳೆಯದನ್ನೂ ಹೇಳಬೇಕು. ಎಂಟನೇ ತಿಂಗಳಲ್ಲಿ, ಸೆಟ್ಟಿಂಗ್ಸ್‌ನ ಒಂದು ಮೂಲೆಯಲ್ಲಿ ‘ಕರೆ ಮಾಡಲು ಅನುಕೂಲದ ಸಮಯ’ ಅನ್ನುವುದು ಸಿಕ್ಕಿತು. ಅಲ್ಲಿ ಅಂಕಿ ಹಾಕಬಹುದು, ಪರಿಶೀಲನೆಗೆ ಕಾಯಬೇಕಿಲ್ಲ, ನಮ್ಮ ನಂಬರ್ ತೆರೆದವರಿಗೆ ಪಕ್ಕದಲ್ಲೇ ಕಾಣುತ್ತದೆ. ವಾರಕ್ಕೆಲ್ಲ ಒಂದೇ ಸಮಯ ಹಾಕಲು ಬಿಡುತ್ತದೆ, ದಿನಕ್ಕೊಂದು ಆಗುವುದಿಲ್ಲ. ಹಾಗಾಗಿ ಭಾನುವಾರ ಸಂಜೆ ನನಗೊಂದು ಕೆಲಸವಾಗಿದೆ. ಅಪ್ಪನಿಗೆ ಒಂದು ಲೋಟ, ನನಗೊಂದು ಲೋಟ ಬೆಲ್ಲದ ಕಾಪಿ ಮಾಡಿಕೊಂಡು ಜಗಲಿಯಲ್ಲಿ ಕೂತು, ಫೋನಿನಲ್ಲಿರುವ ರೋಸ್ಟರಿನ ಫೋಟೋ ತೆರೆದು, ಮರುವಾರ ಮಾರ್ನಿಂಗ್ ಇದ್ದರೆ 4ರಿಂದ 9, ನೈಟ್ ಇದ್ದರೆ 5ರಿಂದ 6 ಅಂತ ಬದಲಿಸುತ್ತೇನೆ. ಲೋಟ ಖಾಲಿಯಾಗುವುದರೊಳಗೆ ಮುಗಿಯುತ್ತದೆ. ‘ಕೊನೆಯ ಬಾರಿ ಆನ್‌ಲೈನ್’ ತೋರಿಸುವುದನ್ನೂ ಅಲ್ಲೇ ನಿಲ್ಲಿಸಬಹುದು. ನೈಟ್‌ನ ಬ್ರೇಕಿನಲ್ಲಿ ಒಮ್ಮೆ ತೆರೆದು ನೋಡಿದ್ದಕ್ಕೆ ‘ರಾತ್ರಿ 3:10’ ಅಂತ ತೋರಿಸಿ, ನಾನು ಆ ಹೊತ್ತಿನಲ್ಲಿ ಯಾರ ಜೊತೆ ಮಾತಾಡುತ್ತಿದ್ದೆ ಅಂತ ಕೇಳಿಸಿಕೊಂಡಿದ್ದೇನೆ. ಶಿಫ್ಟ್‌ನವರು ಇದನ್ನು ಮೊದಲ ದಿನವೇ ಆಫ್ ಮಾಡಿ.

ಮಳೆಗಾಲದ ದೂರು ಉಳಿದೇ ಇದೆ. ಜುಲೈನಲ್ಲಿ ಕರೆಂಟು ಹೋಗಿ, ಟವರೂ ಹೋಗಿ ಒಂದು ವಾರ ತೆರೆಯದಿದ್ದರೆ ಪ್ರೊಫೈಲಿಗೆ ‘ಸಕ್ರಿಯವಾಗಿಲ್ಲ’ ಅಂತ ಹಣೆಪಟ್ಟಿ ಬರುತ್ತದೆ. ಅದಕ್ಕೆ ದಾರಿ ನನಗೆ ಸಿಕ್ಕಿಲ್ಲ. ಐದರಲ್ಲಿ ಮೂರು ಸ್ಟಾರ್ ಕೊಡುತ್ತಿದ್ದೇನೆ. ಮೂರು ತಿಂಗಳ ಚಂದಾ ನನ್ನ ಎರಡು ತಿಂಗಳ ಬಸ್ ಖರ್ಚಿಗಿಂತ ಜಾಸ್ತಿ. ಅಷ್ಟು ಕೊಟ್ಟವರಿಗೆ ಪಾಳಿ ಬರೆಯಲು ಒಂದು ಕಾಲಂ ಮಾಡಿಕೊಡಬಹುದಿತ್ತು.

ಈ ತಿಂಗಳು ಚಂದಾ ಮುಗಿಯುತ್ತದೆ, ಮತ್ತೆ ಕಟ್ಟುವುದಿಲ್ಲ. ಸುಂಟಿಕೊಪ್ಪ ಕಡೆಯ ಒಬ್ಬರ ಜೊತೆ ಜನವರಿಯಿಂದ ಮಾತಾಡುತ್ತಿದ್ದೇನೆ. ಅವರದು ಸಣ್ಣ ರೊಬಸ್ಟಾ ಕಾಫಿ ತೋಟ. ‘ಕೊಯ್ಲಿನ ದಿನಗಳಲ್ಲಿ ಸಂಜೆ ಹಣ್ಣು ತೂಗಿ ಮುಗಿಸಿದ ಮೇಲೆ ಎಂಟಕ್ಕೆ ಸಿಗುತ್ತೇನೆ’ ಅಂತ ಅವರ ಪ್ರೊಫೈಲಿನಲ್ಲಿ ಇತ್ತು, ನಾನು ಇಂಟರೆಸ್ಟ್ ಕಳಿಸಿದ್ದು ಆ ಸಾಲು ಓದಿ. ನನ್ನ ನೈಟ್ ವಾರದಲ್ಲಿ ಅವರ ಎಂಟಕ್ಕೆ ನಾನು ಹ್ಯಾಂಡೋವರ್‌ನಲ್ಲಿರುತ್ತೇನೆ, ಹಾಗಾಗಿ ಆ ವಾರವೆಲ್ಲ ವಾಯ್ಸ್ ಮೆಸೇಜಿನಲ್ಲೇ ನಡೆಯಿತು. ಮಾರ್ಚ್‌ನಲ್ಲಿ ಹೂವಿಗೆ ನೀರು ಕೊಡಲು ಅವರು ರಾತ್ರಿಯೆಲ್ಲ ಸ್ಪ್ರಿಂಕ್ಲರ್ ಪೈಪ್ ಬದಲಿಸುತ್ತಿದ್ದರು. ಒಂದು ದಿನ ನನ್ನ ಬ್ರೇಕಿನ ಹೊತ್ತಿಗೆ ಫೋನ್ ಬಂತು. “ಮೂರು ಗಂಟೆ ಆಯ್ತು, ಎದ್ದಿರ್ತೀರಿ ಅಂತ ಗೊತ್ತಿತ್ತು” ಅಂದರು. ಹಿಂದೆ ಪಂಪಿನ ಸದ್ದು ಕೇಳಿಸುತ್ತಿತ್ತು.