ಸೆಕ್ಷನ್ ನಂಬರ್ ನೆನಪಿಡೋಕ ಯಾವುದು ಬೆಸ್ಟ್: ಮೊದಲಕ್ಷರದ ಸೂತ್ರನಾ, ಮೆಮೊರಿ ಪ್ಯಾಲೇಸಾ, ಕಟಪಯಾದಿನಾ?

2024ರ ಜುಲೈ 1ಕ್ಕ ಭಾರತೀಯ ನ್ಯಾಯ ಸಂಹಿತೆ ಜಾರಿಗಿ ಬಂದ ಮ್ಯಾಲೆ ಲಾ ಓದೋರಿಗಿ ಕೆಲಸ ಡಬಲ್ ಆಗ್ಯದ. ಹೊಸದರಾಗ 358 ಸೆಕ್ಷನ್, ಹಳೇ ಐಪಿಸಿದಾಗ 511, ಆ ತಾರೀಖಿನ ಮೊದಲು ನಡೆದ ಅಪರಾಧಕ್ಕ ಹಳೇದೇ ಹತ್ತೋದರಿಂದ ಅದನ್ನೂ ಬಿಡೋ ಹಂಗಿಲ್ಲ. ಕಲಬುರಗಿದಾಗ ಸಿವಿಲ್ ಜಡ್ಜ್ ಪರೀಕ್ಷಾಕ್ಕ ಓದೋ ನಮ್ಮ ಗ್ಯಾಂಗಿನಾಗ ಎಲ್ಲಾರೂ ಒಂದೊಂದು ಪದ್ಧತಿ ಹಿಡಿದಾರ. ನಾನು ಮೂರೂ ಮಾಡಿ ನೋಡೀನಿ, ಆಸ್ತಿ ಅಪರಾಧದ ಭಾಗ ಅಂದ್ರ 303ರಿಂದ ಮುಂದಿನದರ ಮ್ಯಾಲೆನೇ ಮೂರನ್ನೂ ಹಚ್ಚೀನಿ, ಯಾಕಂದ್ರ ಕಳವು, ಸುಲಿಗೆ, ದರೋಡೆ, ನಂಬಿಕೆ ದ್ರೋಹ ಎಲ್ಲಾ ಒಂದರ ಪಕ್ಕ ಒಂದು ಬರ್ತಾವ, ಅದಲು ಬದಲು ಆಗೋದು ಇಲ್ಲೇ ಜಾಸ್ತಿ.

ಮೊದಲು ಮೊದಲಕ್ಷರದ ಸೂತ್ರ. ಇದು ಎಲ್ಲಾಕ್ಕಿಂತ ಲಗೂ ತಯಾರಾಗ್ತದ. ಕೊಲೆಗಿ ಐದು ವಿನಾಯಿತಿ ಅವಲ್ಲ, ಪ್ರಚೋದನೆ, ಆತ್ಮರಕ್ಷಣೆ ಮಿತಿ ಮೀರಿದ್ದು, ಸರ್ಕಾರಿ ನೌಕರ ಅಧಿಕಾರ ಮೀರಿದ್ದು, ದಿಢೀರ್ ಜಗಳ, ಸತ್ತವನದೇ ಒಪ್ಪಿಗೆ. ಇದಕ್ಕ ನಾನು "ಪ್ರತಿ ರವಿವಾರ ನೌಕರ ಜ್ವಾಳ ಒಯ್ತಾನ" ಅಂತ ಮಾಡ್ಕೊಂಡೀನಿ (ರಕ್ಷಣೆಯ ರ ಹಿಡಿದೀನಿ, ಜ್ವಾಳದ ಜ ಜಗಳಕ್ಕ), ಕ್ರಮಾನೂ ಆಕ್ಟಿನಾಗ ಇದ್ದಂಗೇ ಬರ್ತದ. ಐದಾರು ಅಂಶದ ಪಟ್ಟಿಗಿ ಇದರಷ್ಟು ಚಲೋದು ಯಾವುದೂ ಇಲ್ಲ. ಆದ್ರ ಇದರಾಗ ನಂಬರೇ ಇಲ್ಲ. 316 ಏನು ಅಂತ ಕೇಳಿದ್ರ ಸೂತ್ರ ಬಾಯಿ ತೆಗಿಯಂಗಿಲ್ಲ. ಇನ್ನೊಂದು, ಒಂದೇ ಅಕ್ಷರ ಎರಡು ಸಲ ಬಂದ್ರ ಗೊಂದಲ ಶುರು. ಎಂಬಿಬಿಎಸ್ ಓದೋ ನಮ್ಮ ತಂಗಿಗಿ ಮಣಿಕಟ್ಟಿನ ಎಂಟು ಎಲುಬಿನಾಗ ಇದೇ ತ್ರಾಸು, ಟ್ರೈಕ್ವಿಟ್ರಮ್, ಟ್ರಪೀಝಿಯಂ, ಟ್ರಪೆಝಾಯ್ಡ್ ಮೂರಕ್ಕೂ ಟ ನೇ, ಅದಕ್ಕ ಆಕಿ ಸೂತ್ರದ ಜೋಡಿ "ಹೆಬ್ಬೆರಳ ಬುಡದಾಗ ಇರೋದು ಟ್ರಪೀಝಿಯಂ" ಅಂತ ಬ್ಯಾರೇನೇ ನೆನಪಿಡಬೇಕಾಗ್ತದ.

ಮೆಮೊರಿ ಪ್ಯಾಲೇಸ್ ಅಂದ್ರ ಗೊತ್ತಿರೋ ದಾರಿದಾಗ ಒಂದೊಂದು ಜಾಗಕ್ಕ ಒಂದೊಂದು ದೃಶ್ಯ ಇಟ್ಟು, ಆಮ್ಯಾಲೆ ಮನಸ್ಸಿನಾಗೇ ಆ ದಾರಿ ನಡಕೊಂಡು ಹೋಗೋದು. ನಾನು ಸೂಪರ್ ಮಾರ್ಕೆಟ್‌ನಿಂದ ಶರಣಬಸವೇಶ್ವರ ಗುಡಿ ತನಕದ ದಾರಿ ತಗೊಂಡು 303ರಿಂದ ಒಂದೊಂದೇ ಇಟ್ಟೆ. ದೃಶ್ಯ ಗಟ್ಟಿ ಕುಂತ್ರ ಭಾಳ ದಿನ ಇರ್ತಾವ, ಕ್ರಮ ಒಂದೂ ತಪ್ಪಂಗಿಲ್ಲ, ಥಿಯರಿ ಪೇಪರ್‌ನಾಗ ಇಡೀ ಅಧ್ಯಾಯದ ರೂಪುರೇಷೆ ಬರಿಯೋಕ ಇದು ಬಂಗಾರ. ಕಷ್ಟ ಎಲ್ಲಿ ಅಂದ್ರ ಆಬ್ಜೆಕ್ಟಿವ್ ಪ್ರಶ್ನೆದಾಗ. 309 ಅಂತ ಬಂತಂದ್ರ ಮೊದಲಿಂದ ಎಣಿಸಿಕೋತ ನಡೀಬೇಕು, ಅಷ್ಟರಾಗ ಟೈಮ್ ಹೋಗ್ತದ. ಪ್ರತಿ ಐದನೇ ಜಾಗಕ್ಕ ಒಂದು ಗುರುತು ಇಟ್ರ ಸ್ವಲ್ಪ ಲಗೂ ಆಗ್ತದ ಖರೆ, ಆದ್ರೂ ನಡಿಯೋದು ತಪ್ಪಂಗಿಲ್ಲ.

ಈಗ ಕಟಪಯಾದಿ, ಅಂದ್ರ ಒಂದೊಂದು ಅಕ್ಷರಕ್ಕ ಒಂದೊಂದು ಅಂಕಿ ಹಚ್ಚಿ ನಂಬರನ್ನ ಪದ ಮಾಡೋ ಹಳೇ ಪದ್ಧತಿ. ಇದನ್ನ ಲಾ ಓದೋರು ಯಾಕ ಬಳಸಂಗಿಲ್ಲೋ ನನಗ ಗೊತ್ತಾಗವಲ್ದು. ಮೇಳಕರ್ತ ರಾಗದ ಹೆಸರಿನಾಗ ನಂಬರ್ ಅಡಗಿಸಿಟ್ಟದ್ದು ಇದರಿಂದಾನೇ, ಧೀರಶಂಕರಾಭರಣದಾಗ ಧ ಅಂದ್ರ 9, ರ ಅಂದ್ರ 2, ತಿರುಗಿಸಿ ಓದಿದ್ರ 29ನೇ ರಾಗ. ಅಕ್ಷರ ಹಂಚೋದು ಸರಳ ಅದ: ಕ ದಿಂದ ಝ ತನಕ 1ರಿಂದ 9, ಟ ದಿಂದ ಧ ತನಕ 1ರಿಂದ 9, ಪ ದಿಂದ ಮ ತನಕ 1ರಿಂದ 5, ಯ ರ ಲ ವ ಶ ಷ ಸ ಹ ಳ ಇವು 1ರಿಂದ 9 (ಎಣಿಸೋವಾಗ ಙ, ಣ ಎರಡೂ 5 ಅಂತ ಹಿಡೀರಿ). ನ, ಞ ಮತ್ತ ಪದದ ಶುರುವಿನಾಗ ಬರೋ ಸ್ವರ ಸೊನ್ನೆ. ಒತ್ತಕ್ಷರ ಇದ್ರ ಕಡೀ ವ್ಯಂಜನ ಅಷ್ಟೇ ಲೆಕ್ಕಕ್ಕ. ಹಳೇ ಪದ್ಧತಿದಾಗ ಬಲದಿಂದ ಎಡಕ್ಕ ಓದ್ತಾರ, ನಾನು ಸೀದಾ ಎಡದಿಂದ ಓದ್ತೀನಿ, ಪರೀಕ್ಷಾದಾಗ ತಿರುಗಿಸಿಕೋತ ಕುಂದ್ರೋಕ ಆಗಂಗಿಲ್ಲ. ಯಾವುದಾದ್ರೂ ಒಂದೇ ಹಿಡೀರಿ, ಎರಡೂ ಕೂಡಿಸಿದ್ರ ಕೆಡ್ತದ.

ಕಡೀ ಎರಡು ಅಂಕಿಗಿ ಪದ ಮಾಡಿದ್ರ ಸಾಕು. 03 ಅಂದ್ರ ಆಡು, 303 ಕಳವು: ಯಾರೋ ಕೊಟ್ಟಿಗಿದಾಗಿನ ಆಡು ಹೊಡಕೊಂಡು ಹೋಗ್ಯಾರ. 04 ಅಂದ್ರ ಅವ್ವ, 304 ಕಿತ್ತುಕೊಂಡು ಓಡೋದು: ಅವ್ವನ ಕೊರಳಾಗಿನ ಸರ ಎಳಕೊಂಡು ಬೈಕ್ ಹೋತು. 05 ಆಮೆ, 305ರಾಗ ಮನಿ, ವಾಹನದ ಜೋಡಿ ಗುಡಿದಾಗಿನ ಕಳವೂ ಬರ್ತದ, ಗುಡಿ ನೆಲದಾಗ ಕೆತ್ತಿದ ಆಮೆ ಮ್ಯಾಲೆ ಕಾಲಿಟ್ಟು ಕಳ್ಳ ಮೂರ್ತಿ ಎತ್ತಲಿಕ್ಕತ್ಯಾನ. 08 ನದಿ, 308 ಸುಲಿಗೆ, ಅಂದ್ರ ಬೆದರಿಸಿ ಅವನ ಕೈಲೆನೇ ಕೊಡಿಸಿಕೊಳ್ಳೋದು: ಭೀಮಾ ದಂಡಿಮ್ಯಾಲೆ ನಿಂತು "ರೊಕ್ಕ ಕೊಡು, ಇಲ್ಲಂದ್ರ ದೂಕ್ತೀನಿ" ಅಂದ, ಇವ ತಾನೇ ಕಿಸೆದಿಂದ ತೆಗೆದುಕೊಟ್ಟ. 10 ಅಂದ್ರ ಪಾನ, 310 ದರೋಡೆ: ಪಾನ ಅಂಗಡಿ ಸುತ್ತ ಐದು ಮಂದಿ ನಿಂತಾರ, ದರೋಡೆ ಆಗೋಕ ಐದು ಅಥವಾ ಹೆಚ್ಚು ಜನ ಬೇಕು ಅನ್ನೋ ಅಂಶಾನೂ ಅದರಾಗೇ ಕುಂತದ. 16 ಕತ್ತೆ, 316 ಕ್ರಿಮಿನಲ್ ನಂಬಿಕೆ ದ್ರೋಹ: ನೋಡ್ಕೋ ಅಂತ ಒಪ್ಪಿಸಿದ ಕತ್ತೆ ಮಾರಿ ರೊಕ್ಕ ತಿಂದ. 18 ಕಾಜು, 318 ವಂಚನೆ: ಕಾಜು ಅಂತ ಹೇಳಿ ಶೇಂಗಾ ತುಂಬಿದ ಪೊಟ್ಟಣ ಕೊಟ್ಟ. ಹಳೇ 420 ಈಗ ಇದರ ನಾಲ್ಕನೇ ಉಪಸೆಕ್ಷನ್. ಇನ್ನ 356 ಮಾನಹಾನಿ, 56 ಅಂದ್ರ ಮಾತು, ಇದಕ್ಕ ಕಥೀನೇ ಬ್ಯಾಡ.

ನೋಡ್ರಿ, 308ಕ್ಕೂ 316ಕ್ಕೂ ಇರೋ ಫರಕು ಚಿತ್ರದಾಗೇ ಅದ. ಒಂದರಾಗ ಅಂಜಿಕಿ ಹಾಕಿ ತಗೊಂಡ, ಇನ್ನೊಂದರಾಗ ನಂಬಿ ಒಪ್ಪಿಸಿದ್ದನ್ನ ನುಂಗಿದ. ಚಿತ್ರದಾಗ ಅಪರಾಧದ ಮುಖ್ಯ ಅಂಶ ಕಾಣಲಿಲ್ಲಂದ್ರ ಅದು ಬರೇ ನಂಬರ್ ಚೀಟಿ ಆಗ್ತದ, ಪ್ರಾಬ್ಲಂ ಪ್ರಶ್ನೆದಾಗ ಕೈ ಕೊಡ್ತದ.

ಕಟಪಯಾದಿಗೂ ಒಂದು ದೊಡ್ಡ ತೊಡಕು ಅದ. 103 ಕೊಲೆ ಶಿಕ್ಷೆ, ಅದಕ್ಕೂ ಆಡೇ, 303 ಕಳವಿಗೂ ಆಡೇ. 109 ಕೊಲೆ ಯತ್ನಕ್ಕ ನಳ, 309 ರಾಬರಿಗೂ ನಳ. ಹಳೇ ಚಿತ್ರ ಹೊಸದರ ಮ್ಯಾಲೆ ಬಂದು ನಿಂದರ್ತದ. ಗೊತ್ತು ಹಿಡಿಯೋದು ಹಿಂಗ: ಪದ ಟಕ್ಕಂತ ಬರ್ತದ, ಆದ್ರ ಎರಡು ಅಪರಾಧ ಕೂಡೇ ಹೊಳಿತಾವ. ಇಲ್ಲಿ ಪ್ಯಾಲೇಸ್ ಕೆಲಸಕ್ಕ ಬರ್ತದ. ನೂರರ ಸೀರೀಸ್ ಪೂರಾ ನಮ್ಮ ಮನಿದಾಗ ಇಟ್ಟೀನಿ, ಮುನ್ನೂರರದು ಸೂಪರ್ ಮಾರ್ಕೆಟ್‌ನಾಗ. ಮನಿ ಬಚ್ಚಲದಾಗಿನ ನಳದ ಹತ್ರ ಕೊಲೆ ಯತ್ನ, ಮಾರ್ಕೆಟ್ ಸಾರ್ವಜನಿಕ ನಳದ ಹತ್ರ ಹೊಡೆದು ಕೊಡ ಕಸ್ಕೊಂಡ್ರು. ಐಪಿಸಿ ಹಳೇ ನಂಬರೆಲ್ಲಾ ಕಲಬುರಗಿ ಕೋಟೆ ಒಳಗ. ಜಾಗ ಹೇಳ್ತದ ಯಾವ ನೂರು, ಪದ ಹೇಳ್ತದ ಕಡೀ ಎರಡು ಅಂಕಿ, ಎಣಿಸಿಕೋತ ನಡಿಯೋ ಕೆಲಸಾನೇ ಇಲ್ಲ.

ಹಂಗಾಗಿ ನನ್ನ ಆಯ್ಕೆ ಇಷ್ಟು: ನಂಬರಿಗಿ ಕಟಪಯಾದಿ, ಜಾಗ ಬರೇ ನೂರರ ಗುರುತಿಗಿ, ಸೆಕ್ಷನ್ ಒಳಗಿನ ಸಣ್ಣ ಪಟ್ಟಿಗಿ ಮೊದಲಕ್ಷರ. ಒಂದನ್ನೇ ಹಿಡೀಬೇಕು ಅಂದ್ರ ಕಟಪಯಾದಿ ಹಿಡೀರಿ. ಶುರುವಿನಾಗ ಇದು ನಿಧಾನ, 00ರಿಂದ 99ರ ತನಕ ಪದ ಮಾಡ್ಕೊಳ್ಳೋ ಕೆಲಸ ಬೇಸರ ತರ್ತದ, ಬ್ಯಾರೆಯವರ ಪಟ್ಟಿ ಕಾಪಿ ಮಾಡಿದ್ರ ಚಿತ್ರ ಕುಂದ್ರಂಗಿಲ್ಲ, ನಿಮ್ಮ ಮನಿ ಮಾತಿನಾಗಿನ ಪದಾನೇ ಇಡ್ರಿ. ಶಿಕ್ಷೆ ಎಷ್ಟು ವರ್ಷ ಅನ್ನೋದನ್ನ ಮಾತ್ರ ನಾನು ಚಿತ್ರಕ್ಕ ತುರುಕಂಗಿಲ್ಲ, ಒಂದೇ ಸೆಕ್ಷನ್ನಿನಾಗ ಉಪಸೆಕ್ಷನ್ನಿಗೊಂದು ಶಿಕ್ಷೆ ಇರ್ತದ, ಅದಕ್ಕ ಬೇರ್ ಆಕ್ಟ್ ತಿರುತಿರುಗಿ ಓದೋದೇ ದಾರಿ. ಪರೀಕ್ಷೆ ಮಾಡ್ಕೊಳ್ಳೋವಾಗ ಚೀಟಿ ಕಲಸಿ ಎರಡೂ ಕಡೆಯಿಂದ ಕೇಳ್ಕೋರಿ, ನಂಬರಿಂದ ಅಪರಾಧ, ಅಪರಾಧದಿಂದ ನಂಬರ್. ಮೊದಲನೇದು ಬಂದು ಎರಡನೇದು ಬರಲಿಲ್ಲಂದ್ರ ಚಿತ್ರದಾಗ ಆಡೋ ಆಮೆನೋ ಮೂಲಿದಾಗ ಸುಮ್ಮ ನಿಂತದ ಅಂತ ತಿಳೀರಿ, ಅದನ್ನ ಅಪರಾಧದ ನಡುವಕ್ಕ ಎಳೀರಿ.