ವೀರಭದ್ರಾಸನಕ್ಕೆ ಕ್ರಿಯೇಟಿನ್ ಬೇಕಾ? ಪುಡಿ, ಕ್ಯಾಪ್ಸೂಲ್ ಎರಡನ್ನೂ ತಗೊಂಡು ನೋಡಿದ ಮೇಲೆ

ಕ್ರಿಯೇಟಿನ್ ಅಂದರೆ ಜೋರಾಗಿ ಶಕ್ತಿ ಹಾಕುವಾಗ ಸ್ನಾಯು ಬಳಸಿಕೊಳ್ಳುವ ಒಂದು ವಸ್ತು. ಮೊದಲೇ ಹೇಳಿಬಿಡುತ್ತೇನೆ. ಯೋಗದ ಜೊತೆಗೆ ತೂಕ ಎತ್ತಲು ಶುರು ಮಾಡಿದವರಿಗೆ ಸಾದಾ ಕ್ರಿಯೇಟಿನ್ ಮೊನೊಹೈಡ್ರೇಟ್ ಪುಡಿಯೇ ಸರಿ, ದಿನಕ್ಕೆ 3 ಗ್ರಾಂ. ಜಾಸ್ತಿ ದುಡ್ಡು ಕೊಟ್ಟು ಅದರ ಇನ್ನೊಂದು ರೂಪವಾದ ಕ್ರಿಯೇಟಿನ್ ಹೈಡ್ರೋಕ್ಲೋರೈಡ್, ಅಂದರೆ ಎಚ್‌ಸಿಎಲ್ ಕ್ಯಾಪ್ಸೂಲ್ ತಗೊಳ್ಳಬೇಕಾಗಿಲ್ಲ. ಆದರೆ ಆಸನದಲ್ಲಿ ಎರಡು ಮೂರು ನಿಮಿಷ ಅಲುಗಾಡದೆ ನಿಲ್ಲುವುದಕ್ಕೆ ಈ ಪುಡಿ ನೇರವಾಗಿ ಕೊಡುವುದು ಬಹಳ ಕಡಿಮೆ. ಇವೆರಡನ್ನೂ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾನು ಧಾರವಾಡದಲ್ಲಿ ಬೆಳಿಗ್ಗೆ ಹೋಗುವ ಕ್ಲಾಸಿನಲ್ಲಿ ಒಂದೊಂದು ಆಸನದಲ್ಲೂ ಬಹಳ ಹೊತ್ತು ನಿಲ್ಲಿಸುತ್ತಾರೆ. ಸಂಜೆ ಮನೆಯಲ್ಲೇ ಡಂಬೆಲ್ ಹಿಡಿದು ಸ್ಕ್ವಾಟ್, ಪುಶ್‌ಅಪ್ಸ್ ಮಾಡುತ್ತೇನೆ. ಕ್ರಿಯೇಟಿನ್ ಕೇಳಿಕೊಂಡು ಹುಬ್ಬಳ್ಳಿಯ ಒಂದು ಸಪ್ಲಿಮೆಂಟ್ ಅಂಗಡಿಗೆ ಹೋದಾಗ ಅಲ್ಲಿಯ ಹುಡುಗ ಕ್ಯಾಪ್ಸೂಲ್ ಡಬ್ಬಿ ಮುಂದಿಟ್ಟ. "ಅಕ್ಕಾರ, ಇದನ್ನ ತಗೋರಿ. ಪುಡಿ ತಗೊಂಡ್ರ ಮೈಯಾಗ ನೀರ ತುಂಬ್ತದ, ಇದ್ರಾಗ ಏನೂ ಆಗಂಗಿಲ್ಲ" ಅಂದ. ಏನೂ ಆಗುವುದಿಲ್ಲ ಅನ್ನುವ ಮಾತು ಅಕ್ಷರಶಃ ನಿಜವಾಯಿತು. ತೂಕವೂ ಏರಲಿಲ್ಲ, ಸ್ಕ್ವಾಟಿನ ಕೊನೆಯ ಸೆಟ್ಟೂ ಇದ್ದಲ್ಲೇ ಇತ್ತು.

ಕಾರಣ ಡಬ್ಬಿಯ ಹಿಂದಿನ ಲೇಬಲ್‌ನಲ್ಲಿ ಇತ್ತು. ಒಂದು ಕ್ಯಾಪ್ಸೂಲಿನಲ್ಲಿ 750 ಮಿಲಿಗ್ರಾಂ, ದಿನಕ್ಕೆ ಒಂದೇ ಸಾಕು ಅಂತ ಬರೆದಿದ್ದರು. ಆ 750 ಪೂರ್ತಿ ಕ್ರಿಯೇಟಿನ್ ಅಲ್ಲ. ಎಚ್‌ಸಿಎಲ್ ರೂಪದಲ್ಲಿ ಕ್ರಿಯೇಟಿನ್ ಪಾಲು ಸುಮಾರು ಶೇ. 78, ಅಂದರೆ ಸಿಗುವುದು ಹೆಚ್ಚುಕಡಿಮೆ 590 ಮಿಲಿಗ್ರಾಂ. ಮೊನೊಹೈಡ್ರೇಟ್‌ನಲ್ಲಿ ಈ ಪಾಲು ಶೇ. 88. ಹಾಗಾಗಿ 3 ಗ್ರಾಂ ಪುಡಿಯಲ್ಲಿ 2.6 ಗ್ರಾಂ ಕ್ರಿಯೇಟಿನ್ ಇರುತ್ತದೆ. ನಾಲ್ಕು ಪಟ್ಟಿಗಿಂತ ಜಾಸ್ತಿ ಆಯಿತಲ್ವಾ?

ಈಗ ದೇಹದ ಲೆಕ್ಕ ನೋಡಿ. ದೊಡ್ಡವರ ದೇಹದಿಂದ ದಿನಕ್ಕೆ 2 ಗ್ರಾಂ ಹತ್ತಿರ ಕ್ರಿಯೇಟಿನ್ ಖರ್ಚಾಗಿ ಹೋಗುತ್ತದೆ. ಸಣ್ಣ ಮೈಕಟ್ಟಿನವರಿಗೆ ಇದಕ್ಕಿಂತ ಕಡಿಮೆ. ಅದರಲ್ಲಿ ಅರ್ಧದಷ್ಟನ್ನು ದೇಹವೇ ಮಾಡಿಕೊಳ್ಳುತ್ತದೆ, ಉಳಿದದ್ದು ಮಾಂಸ, ಮೀನಿನಿಂದ ಬರಬೇಕು. ನಮ್ಮ ಮನೆಯ ರೊಟ್ಟಿ, ಕಾಳುಪಲ್ಯ, ಶೇಂಗಾಚಟ್ನಿಯಲ್ಲಿ ಕ್ರಿಯೇಟಿನ್ ಇಲ್ಲ, ಹಾಲು ಮೊಸರಿನಲ್ಲಿ ಇದ್ದರೂ ತೀರಾ ಅಲ್ಪ. ಅದಕ್ಕೇ ಸಸ್ಯಾಹಾರಿಗಳ ಸ್ನಾಯುಗಳಲ್ಲಿ ಇದರ ಸಂಗ್ರಹ ಕಡಿಮೆ ಇರುತ್ತದೆ. ಪುಡಿ ತಗೊಂಡರೆ ಪರಿಣಾಮ ಚೆನ್ನಾಗಿ ಕಾಣುವುದೂ ನಮಗೇ. ಆ ಕೊರತೆ ತುಂಬಿ, ಮೇಲೆ ಸಂಗ್ರಹವೂ ಹೆಚ್ಚಬೇಕೆಂದರೆ 590 ಮಿಲಿಗ್ರಾಂ ಯಾವ ಮೂಲೆಗೆ?

ಎಚ್‌ಸಿಎಲ್ ನೀರಿನಲ್ಲಿ ಬೇಗ ಕರಗುತ್ತದೆ, ನಿಜ. ಆದರೆ ಮೊನೊಹೈಡ್ರೇಟನ್ನೂ ಕರುಳು ಹೆಚ್ಚುಕಡಿಮೆ ಪೂರ್ತಿಯೇ ಹೀರಿಕೊಳ್ಳುತ್ತದೆ. ಬೇಗ ಕರಗಿತು ಅಂತ ಕಡಿಮೆ ತಗೊಂಡರೆ ಸಾಲುವುದಿಲ್ಲ. ಪುಡಿಯಷ್ಟೇ ಕ್ರಿಯೇಟಿನ್ ಬೇಕೆಂದರೆ ದಿನಕ್ಕೆ ನಾಲ್ಕೈದು ಕ್ಯಾಪ್ಸೂಲ್ ನುಂಗಬೇಕು, ಡಬ್ಬಿ ಎರಡು ವಾರವೂ ಬರುವುದಿಲ್ಲ. ಪುಡಿಯಾದರೆ 250 ಗ್ರಾಂ ಪ್ಯಾಕೆಟ್ ಹತ್ತಿರ ಹತ್ತಿರ ಮೂರು ತಿಂಗಳು ಬರುತ್ತದೆ. ನಾನು ಕೊಟ್ಟ ಬೆಲೆಗೆ ದಿನಕ್ಕೆ ಒಂದು ಚಹಾದ ಖರ್ಚು.

ಪುಡಿಯಲ್ಲೂ ಎರಡು ದಾರಿ ಇವೆ. ಲೋಡಿಂಗ್ ಅಂತ ಮಾಡುವವರು ದಿನಕ್ಕೆ 20 ಗ್ರಾಂ, ನಾಲ್ಕು ಸಲ ಹಂಚಿಕೊಂಡು, ಐದರಿಂದ ಏಳು ದಿನ ತಗೊಳ್ಳುತ್ತಾರೆ. ಸುಮ್ನೆ ದಿನಾ 3 ಗ್ರಾಂ ತಗೊಂಡರೂ ಸುಮಾರು ನಾಲ್ಕು ವಾರಕ್ಕೆ ಸ್ನಾಯು ಅಷ್ಟೇ ತುಂಬುತ್ತದೆ. ಲೋಡಿಂಗ್‌ನಲ್ಲಿ ಕರುಳಿಗೆ ನೀರು ಎಳೆದುಕೊಂಡು ಹೊಟ್ಟೆ ಗುಡುಗುಡು ಅನ್ನಬಹುದು. ಬೆಳಿಗ್ಗೆ ಮುಂದೆ ಬಾಗುವ, ತಿರುಚುವ ಆಸನ ಮಾಡುವವರಿಗೆ ಅದು ಬೇಡವೇ ಬೇಡ. ನಾನು ಮಧ್ಯಾಹ್ನದ ಊಟದ ಜೊತೆ ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ ಕುಡಿಯುತ್ತೇನೆ. ಕದಡಿದ್ದನ್ನು ನಾಳೆಗೆ ಅಂತ ಎತ್ತಿಡಬೇಡಿ, ನೀರಿನಲ್ಲಿ ಅದು ನಿಧಾನಕ್ಕೆ ಕ್ರಿಯೇಟಿನಿನ್ ಅನ್ನುವ, ಸ್ನಾಯುವಿಗೆ ಉಪಯೋಗವಿಲ್ಲದ ಬೇರೆ ವಸ್ತುವಾಗಿ ಕೆಡುತ್ತದೆ.

ಇನ್ನು ಆಸನದಲ್ಲಿ ನಿಲ್ಲುವ ವಿಚಾರ. ಸ್ನಾಯುವಿನಲ್ಲಿ ಕ್ರಿಯೇಟಿನ್ ಫಾಸ್ಫೇಟ್ ಜೊತೆ ಸೇರಿ ಕೂತಿರುತ್ತದೆ. ಜೋರಾಗಿ ಶಕ್ತಿ ಹಾಕಿದಾಗ ಮೊದಲ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಮುಖ್ಯವಾಗಿ ಕೆಲಸಕ್ಕೆ ಬರುವುದು ಅದೇ. ಖಾಲಿಯಾದ ಮೇಲೆ ಮತ್ತೆ ತುಂಬಲು ಆಮ್ಲಜನಕ ಬೇಕು, ಅಂದರೆ ರಕ್ತ ಹರಿಯಬೇಕು. ಗಟ್ಟಿಯಾಗಿ ಬಿಗಿಹಿಡಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನೇ ಒತ್ತಿ ಹಿಡಿಯುತ್ತದೆ. ಹಾಗಾಗಿ ಉತ್ಕಟಾಸನದಲ್ಲಿ ಚೆನ್ನಾಗಿ ಕೆಳಗೆ ಕೂತಾಗ ತೊಡೆಯಲ್ಲಿ ಅದು ಮತ್ತೆ ತುಂಬುವ ಅವಕಾಶವೇ ಕಡಿಮೆ. ನಲ್ಲಿ ನೀರು ದಿನಾ ಬರದ ಹುಬ್ಬಳ್ಳಿಯ ಓಣಿಯಲ್ಲಿ ಡ್ರಮ್ಮು ಸ್ವಲ್ಪ ದೊಡ್ಡದಿದ್ದರೆ ಎರಡು ಕೊಡ ಜಾಸ್ತಿ ಸಿಗುತ್ತದೆ, ಅಷ್ಟೇ. ಪುಡಿ ತಗೊಂಡಾಗ ಹೆಚ್ಚಾಗುವ ಸಂಗ್ರಹವೂ ಅಷ್ಟೇ, ಕೆಲವು ಸೆಕೆಂಡಿನ ಮಾತು.

ವೀರಭದ್ರಾಸನದಂಥ ನಿಲುವಿನಲ್ಲಿ ಬಲ ಅಷ್ಟೊಂದು ಬೇಡ, ಹೊತ್ತು ಜಾಸ್ತಿ. ಅಲ್ಲಿ ಸ್ನಾಯು ಬಹುಮಟ್ಟಿಗೆ ಆಮ್ಲಜನಕದ ಮೇಲೆಯೇ ನಡೆಯುತ್ತದೆ. ಎರಡನೇ ನಿಮಿಷದಲ್ಲಿ ಚಾಚಿದ ಕೈ ನಡುಗಿ, ಭುಜ ಉರಿದು ಕೆಳಗಿಳಿಸುತ್ತೇವಲ್ಲ, ಅದು ಕ್ರಿಯೇಟಿನ್ ಕೊರತೆಯಿಂದ ಅಲ್ಲ.

ಹಾಗಾದರೆ ಉಪಯೋಗ ಎಲ್ಲಿ? ಬಿಟ್ಟು ಬಿಟ್ಟು ಮಾಡುವ ಜೋರಿನ ಕೆಲಸದಲ್ಲಿ. ಚತುರಂಗ ದಂಡಾಸನದಲ್ಲಿ ಹತ್ತು ಹದಿನೈದು ಸೆಕೆಂಡ್ ನಿಂತು, ಎರಡು ಮೂರು ನಿಮಿಷ ಬಿಟ್ಟು, ಮತ್ತೆ ನಿಂತರೆ ಆ ಬಿಡುವಿನಲ್ಲಿ ಸಂಗ್ರಹ ಬಹುಪಾಲು ತುಂಬಿಕೊಳ್ಳುತ್ತದೆ. ಪುಶ್‌ಅಪ್ಸ್‌ನಲ್ಲಿ ನನಗೆ ಫರಕು ಕಂಡದ್ದು ಮೊದಲ ಸೆಟ್‌ನಲ್ಲಿ ಅಲ್ಲ, ಮೂರನೆಯದರಲ್ಲಿ. ಮೊದಲು ಅಲ್ಲಿ ಮೊಣಕೈ ಅರ್ಧಕ್ಕೇ ನಿಂತುಬಿಡುತ್ತಿತ್ತು. ಈಗ ಎದೆ ಚಾಪೆಯ ತನಕ ಹೋಗಿ ವಾಪಸ್ ಬರುತ್ತದೆ.

ದೀರ್ಘ ನಿಲುವಿಗೆ ಬಳಸುದಾರಿಯಲ್ಲಿ ಒಂದು ಲಾಭ ಇದೆ. ಒಂದು ಆಸನಕ್ಕೆ ತೊಡೆಯಿಂದ 30 ಕಿಲೋ ಬಲ ಬೇಕು, ನಿಮ್ಮ ಪೂರ್ತಿ ಬಲ 60 ಕಿಲೋ ಅಂತ ಇಟ್ಟುಕೊಳ್ಳಿ. ಆಗ ಅರ್ಧ ಬಲ ಖರ್ಚು. ಸ್ಕ್ವಾಟ್ ಮಾಡಿ ಪೂರ್ತಿ ಬಲ 75ಕ್ಕೆ ಏರಿದರೆ ಅದೇ ಆಸನಕ್ಕೆ ಶೇ. 40 ಸಾಕು. ರಕ್ತನಾಳದ ಮೇಲಿನ ಒತ್ತಡ ಇಳಿಯುತ್ತದೆ, ಜಾಸ್ತಿ ಹೊತ್ತು ನಿಲ್ಲಬಹುದು. ಆದರೆ ಇದನ್ನು ತಂದದ್ದು ಸ್ಕ್ವಾಟು. ಪುಡಿ ಆ ಸ್ಕ್ವಾಟಿಗೆ ಸಹಾಯ ಮಾಡಿತು ಅಷ್ಟೇ. ನನ್ನ ಜೊತೆಗೇ ವ್ಯಾಯಾಮ ಶುರು ಮಾಡಿ, ಪುಡಿಯನ್ನು ಮುಟ್ಟದ ಗೆಳತಿಯೊಬ್ಬಳು ಉತ್ಕಟಾಸನದಲ್ಲಿ ಇವತ್ತಿಗೂ ನನ್ನಷ್ಟೇ ಹೊತ್ತು ನಿಲ್ಲುತ್ತಾಳೆ.

ಅಂಗಡಿಯ ಹುಡುಗ ಹೇಳಿದ ನೀರಿನ ಮಾತು ಪುಡಿಯ ಮಟ್ಟಿಗೆ ಸುಳ್ಳಲ್ಲ. ನನ್ನ ತೂಕ ಒಂದು ಕಿಲೋದಷ್ಟು ಏರಿತು. ಆ ನೀರು ಬಹುತೇಕ ಸ್ನಾಯುವಿನೊಳಗೇ ಇರುತ್ತದೆ, ಊತ ಅಲ್ಲ. ನಿಂತು ಮಾಡುವ ಆಸನಗಳಲ್ಲಿ ಗೊತ್ತೇ ಆಗಲಿಲ್ಲ. ಬಕಾಸನದಲ್ಲಿ ಮಾತ್ರ ಮೊದಲ ಕೆಲವು ವಾರ ಮಣಿಕಟ್ಟಿಗೆ ಗೊತ್ತಾಯಿತು.

ರಕ್ತಪರೀಕ್ಷೆ ಮಾಡಿಸುವಾಗ ಪುಡಿ ತಗೊಳ್ಳುತ್ತಿರುವುದನ್ನು ಡಾಕ್ಟರಿಗೆ ಹೇಳಿ. ಮೂತ್ರಪಿಂಡ ಚೆನ್ನಾಗಿದ್ದರೂ ಕ್ರಿಯೇಟಿನಿನ್ ಅಂಕಿ ಸ್ವಲ್ಪ ಮೇಲೆ ಕಾಣಬಹುದು. ಮೂತ್ರಪಿಂಡದ ತೊಂದರೆ ಇದ್ದವರು ಅವರನ್ನು ಕೇಳದೆ ಮುಟ್ಟಲೇಬಾರದು.

ನಾನು ಪುಡಿಯನ್ನೇ ಮುಂದುವರಿಸುತ್ತೇನೆ. ಸಂಜೆಯ ಸೆಟ್‌ಗಳು ನನಗೆ ಮುಖ್ಯ, ಮನೆಯಲ್ಲಿ ಮಾಂಸದ ಅಡುಗೆ ಇಲ್ಲ, ಖರ್ಚೂ ಕೈಗೆಟುಕುತ್ತದೆ. ತೂಕ ಎತ್ತದೆ ಬರೀ ಆಸನದಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕು ಅನ್ನುವವರಾದರೆ ಪುಡಿಯೂ ಬೇಡ, ಕ್ಯಾಪ್ಸೂಲೂ ಬೇಡ. ವಾರಕ್ಕೆ ಎರಡು ದಿನ ಸ್ಕ್ವಾಟ್, ಪುಶ್‌ಅಪ್ಸ್ ಶುರು ಮಾಡಿ. ಪುಡಿಯ ವಿಚಾರವನ್ನು ಅದು ರೂಢಿಯಾದ ಮೇಲೆ ನೋಡಿದರಾಯಿತು.