ಕಳೆಯುವ ಲೆಕ್ಕ ತಪ್ಪುವ ನಾಲ್ಕನೇ ಕ್ಲಾಸಿನ ಮಗುವಿಗೆ ಟ್ಯೂಷನ್ನೋ, ಅಪ್ಪ-ಅಮ್ಮನ ಪಾಠವೋ?

ಟ್ಯೂಷನ್ನಿಗೆ ಸೇರಿಸುವ ಮುಂಚೆ ಮಗುವಿಗೆ ಒಂದು ಲೆಕ್ಕ ಕೊಟ್ಟು ನೋಡಿ: 402ರಲ್ಲಿ 157 ಕಳೆ. ಸರಿಯುತ್ತರ 245. ಮಗು 355 ಎಂದು ಬರೆದರೆ, ಮೇಲೆ ಕೆಳಗೆ ನೋಡದೆ ಎಲ್ಲ ಕಡೆ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ. 345 ಎಂದು ಬರೆದರೆ ಅದಕ್ಕೆ ಸಾಲ ತೆಗೆಯುವುದು ಗೊತ್ತು, ನೂರರ ಸ್ಥಾನದ 4ನ್ನು 3 ಮಾಡುವುದು ಮಾತ್ರ ಬಿಟ್ಟುಹೋಗಿದೆ. ಎರಡೂ ತಪ್ಪೇ, ಆದರೆ ಎರಡಕ್ಕೂ ಬೇರೆ ಬೇರೆ ಪಾಠ ಬೇಕು.

ಎರಡೂ ದಾರಿ ಹಿಡಿದು ನೋಡಿದ ಮೇಲೆ ನಮಗೆ ಕಂಡ ದೊಡ್ಡ ವ್ಯತ್ಯಾಸ ಇಲ್ಲೇ ಇದೆ. ಟ್ಯೂಷನ್ನಿನಲ್ಲಿ ಹನ್ನೆರಡು ಮಕ್ಕಳು ಕೂತಿದ್ದರೆ ಒಂದು ಗಂಟೆಯಲ್ಲಿ ಒಬ್ಬರಿಗೆ ಸಿಗುವುದು ಐದು ನಿಮಿಷ. ಅಷ್ಟರಲ್ಲಿ ಮಿಸ್ ತಪ್ಪು ಗುರುತು ಹಾಕಿ, ಬೋರ್ಡಿನ ಮೇಲೆ ಸರಿಯಾಗಿ ಮಾಡಿ ತೋರಿಸಬಹುದು, ಮಗು ಅದನ್ನು ಬರೆದುಕೊಳ್ಳಬಹುದು. ನೋಟ್‌ಬುಕ್ ನೋಡಿದರೆ ಎಲ್ಲ ಸರಿ. ಪರೀಕ್ಷೆಯಲ್ಲಿ ಮತ್ತೆ 355. ಮಗು ಯಾಕೆ ಹಾಗೆ ಮಾಡಿತು ಎಂದು ತಿಳಿಯಬೇಕಾದರೆ ಅದರ ಬಾಯಲ್ಲೇ ಹೇಳಿಸುತ್ತಾ ಲೆಕ್ಕ ಮಾಡಿಸಬೇಕು. ಅದಕ್ಕೆ ಮನೆಯೇ ಅನುಕೂಲ.

ಮನೆಯಲ್ಲಿ ದುಡ್ಡು ಇಟ್ಟು ತೋರಿಸಿ. ನೂರರ ನಾಲ್ಕು ನೋಟು, ಒಂದು ರೂಪಾಯಿಯ ಎರಡು ನಾಣ್ಯ. ಏಳು ರೂಪಾಯಿ ಕೊಡು ಎಂದರೆ ಚಿಲ್ಲರೆ ಸಾಲದು, ಹತ್ತರ ನೋಟಂತೂ ಇಲ್ಲವೇ ಇಲ್ಲ. ಒಂದು ನೂರನ್ನು ಹತ್ತರ ಹತ್ತು ನೋಟಾಗಿ ಮುರಿಯಲಿ, ಅದರಲ್ಲಿ ಒಂದನ್ನು ಹತ್ತು ನಾಣ್ಯವಾಗಿ ಮುರಿಯಲಿ. ಈಗ ಅದರ ಮುಂದೆ ನೂರು 3, ಹತ್ತು 9, ಬಿಡಿ 12. ಸೊನ್ನೆ ಯಾಕೆ 9 ಆಯಿತು ಎಂಬುದನ್ನು ಮಗು ಕಣ್ಣಾರೆ ನೋಡುತ್ತದೆ. ಪ್ರತಿ ಸಲ ಮುರಿದ ಕೂಡಲೇ ಅದನ್ನೇ ಪುಸ್ತಕದಲ್ಲೂ ಅಂಕಿ ಹೊಡೆದು ಬರೆಯಲಿ. ನೋಟಿನ ಆಟ ಒಂದು ಕಡೆ, ಬರವಣಿಗೆ ಇನ್ನೊಂದು ಕಡೆ ಆದರೆ ಪ್ರಯೋಜನವಿಲ್ಲ.

ಮನೆಪಾಠ ಕೆಡುವುದು ಎರಡು ಕಡೆ. "ಪಕ್ಕದವನ ಹತ್ರ ಸಾಲ ತಗೋ" ಎಂದು ಹೇಳಿಬಿಡುತ್ತೇವೆ, ಪಕ್ಕದಲ್ಲಿರುವುದು ಸೊನ್ನೆ; ಮಗು ಅಲ್ಲೇ ನಿಲ್ಲುತ್ತದೆ. ಇನ್ನೊಂದು, ನಮ್ಮ ದನಿ ಏರುವುದು. ಆಮೇಲೆ ಮಗು ಲೆಕ್ಕ ನೋಡುವುದನ್ನು ಬಿಟ್ಟು ನಮ್ಮ ಮುಖ ನೋಡಿ ಉತ್ತರ ಊಹಿಸುತ್ತದೆ. ಹಾಗಾಗಿ ದಿನಕ್ಕೆ ನಾಲ್ಕೇ ಲೆಕ್ಕ, ಇಪ್ಪತ್ತು ನಿಮಿಷ ಸಾಕು.

ಮಗ್ಗಿ, ಭಾಗಾಕಾರಕ್ಕೆ ಮಾತ್ರ ಟ್ಯೂಷನ್ನೇ ವಾಸಿ. ಅವಕ್ಕೆ ಒಂದು ದಿನವೂ ತಪ್ಪದ ಅಭ್ಯಾಸ ಬೇಕು. ಚಿಕ್ಕಮಗಳೂರಿನ ಕಡೆ ಕಾಫಿ ಕೊಯ್ಲು ಶುರುವಾದರೆ ಎಷ್ಟೋ ಮನೆಗಳಲ್ಲಿ ಅಪ್ಪ-ಅಮ್ಮ ಸುಸ್ತಾಗಿ ಬರುತ್ತಾರೆ, ಪಾಠ ನಿಂತೇ ಹೋಗುತ್ತದೆ.

ಆದ್ದರಿಂದ ಮೊದಲು ಎರಡು ವಾರ ಮನೆಯಲ್ಲಿ ಕಳೆಯುವ ಲೆಕ್ಕ ಸರಿ ಮಾಡಿ, ಆಮೇಲೆ ಟ್ಯೂಷನ್ನಿಗೆ ಕಳಿಸಿ. ಕಳಿಸುವಾಗ ಮಿಸ್‌ಗೆ ಒಂದು ಮಾತು ಕೇಳಿಕೊಳ್ಳಿ: ತಪ್ಪಿದ ಲೆಕ್ಕವನ್ನು ರಬ್ಬರಿನಲ್ಲಿ ಅಳಿಸಬಾರದು, ಪಕ್ಕದಲ್ಲೇ ಹೊಸದಾಗಿ ಮಾಡಿಸಬೇಕು. ಆಗ ತಪ್ಪು 355ರ ಥರದ್ದೋ 345ರ ಥರದ್ದೋ ಎಂದು ಸಂಜೆ ನೋಟ್‌ಬುಕ್ ತೆರೆದರೆ ನಿಮಗೆ ಗೊತ್ತಾಗುತ್ತದೆ.